ಒಂದು ಗ್ರಾಂ ಚಿನ್ನದಲ್ಲಿ ಒಂದು ಗ್ರಾಂ ಎಲ್ಲಿದೆ?

ಕನ್ನಡದ ಮಾರುಕಟ್ಟೆ ಭಾಷೆಯಲ್ಲಿ ‘ಒಂದು ಗ್ರಾಂ ಚಿನ್ನ’ ಎಂಬಷ್ಟು ರಾಜಾರೋಷವಾಗಿ ಸುಳ್ಳು ಹೇಳುವ ಮಾತು ಇನ್ನೊಂದಿಲ್ಲ. ಬೆಂಗಳೂರಿನ ಚಿಕ್ಕಪೇಟೆಯಿಂದ ಹಿಡಿದು ದೆಹಲಿಯ ಸದರ್ ಬಜಾರಿನವರೆಗೆ ಈ ಹೆಸರು ಓಡುತ್ತದೆ. ಅಳತೆಯ ಮಾತಿನಂತೆ ಕೇಳಿಸುವುದೇ ಅದರ ಬಲ. ‘ಗಿಲೀಟು’ ಎಂದರೆ ಕೇಳಿದವರು ಮೂಗು ಮುರಿಯುತ್ತಾರೆ, ‘ನಕಲಿ’ ಎಂದರೆ ಎದ್ದು ಹೋಗುತ್ತಾರೆ. ‘ಒಂದು ಗ್ರಾಂ’ ಎಂದಾಗ ಮಾತ್ರ ತಕ್ಕಡಿಯೊಂದು ಕಣ್ಣ ಮುಂದೆ ಬರುತ್ತದೆ. ಅಕ್ಕಸಾಲಿಗ ಒಂದು ಗ್ರಾಂ ತೂಗಿ ಈ ಬಳೆಯ ಮೇಲೆ ಹಾಕಿರಬೇಕು ಎಂದು ಮನಸ್ಸು ತಾನಾಗಿ ಒಪ್ಪಿಕೊಳ್ಳುತ್ತದೆ.

ಹಾಗೆ ಯಾರೂ ತೂಗಿಲ್ಲ. ನನ್ನ ತಕರಾರು ನಕಲಿ ಒಡವೆಯ ಮೇಲಲ್ಲ. ಒಂದು ಮದುವೆಗೆಂದು ಮುನ್ನೂರು ರೂಪಾಯಿಯ ಸರ ಕೊಂಡು, ಹಾಕಿ, ಎತ್ತಿಡುವವರು ಮೋಸ ಹೋಗಿಲ್ಲ. ಅವರು ಕೊಟ್ಟ ದುಡ್ಡಿಗೆ ಒಂದು ಸಂಜೆಯ ಹೊಳಪು ಸಿಕ್ಕಿದೆ. ತಕರಾರು ಇರುವುದು ಅಳತೆಯನ್ನು ಬಚ್ಚಿಟ್ಟು ಹೆಸರನ್ನು ಮಾತ್ರ ಮಾರುವುದರ ಮೇಲೆ. ‘ಗೋಲ್ಡ್ ಪ್ಲೇಟೆಡ್’, ‘ವರ್ಮೆಯ್’, ‘ಗೋಲ್ಡ್ ಫಿಲ್ಡ್’ ಎಂಬ ಮೂರು ಹೆಸರುಗಳು ಈಗ ಗುರುಗ್ರಾಮ, ನೋಯ್ಡಾಗಳ ಮಾಲ್‌ಗಳಲ್ಲೂ ಮೊಬೈಲಿನ ಜಾಹೀರಾತುಗಳಲ್ಲೂ ಒಂದೇ ಉಸಿರಿನಲ್ಲಿ ಬರುತ್ತಿವೆ. ಮೂರೂ ಹೊರಗಿನಿಂದ ಒಂದೇ ಹಳದಿ. ಒಳಗೆ ಮಾತ್ರ ಒಂದಕ್ಕೂ ಇನ್ನೊಂದಕ್ಕೂ ಹತ್ತು ಪಟ್ಟು, ನೂರು ಪಟ್ಟು ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನು ಹೇಳಬಲ್ಲ ಒಂದೇ ಒಂದು ಅಂಕಿ ಬಿಲ್ಲಿನ ಮೇಲೆ ಇರುವುದಿಲ್ಲ.

ಇದು ಯಾರ ಸಮಸ್ಯೆ ಎಂದು ಕೇಳಬಹುದು. ದೆಹಲಿಯಲ್ಲಿ ಸರಗಳ್ಳತನಕ್ಕೆ ಹೆದರಿ ಚಿನ್ನದ ಕರಿಮಣಿಯನ್ನು ಬ್ಯಾಂಕಿನ ಲಾಕರಿನಲ್ಲಿಟ್ಟು, ಅದೇ ಮಾದರಿಯ ‘ಒಂದು ಗ್ರಾಂ’ ಸರ ಹಾಕಿಕೊಂಡು ಮೆಟ್ರೋ ಹತ್ತುವ ಹೆಂಗಸರನ್ನು ಕೇಳಿ. ಮುನಿರ್ಕಾ, ಆರ್.ಕೆ. ಪುರಂ, ಮಯೂರ್ ವಿಹಾರ್‌ಗಳ ಕನ್ನಡದ ಮನೆಗಳಲ್ಲಿ ಇದು ಹೊಸ ಸುದ್ದಿಯಲ್ಲ. ಅವರಿಗೆ ಅದು ಒಂದು ಸಂಜೆಯ ಶೃಂಗಾರವಲ್ಲ, ದಿನಕ್ಕೆ ಹದಿನಾರು ಗಂಟೆ ಕುತ್ತಿಗೆಯ ಮೇಲೆ ಇರುವ ಸರ. ಬೆವರು, ಸೋಪು, ದುಪಟ್ಟಾದ ಉಜ್ಜಾಟ ಎಲ್ಲವನ್ನೂ ಅದು ತಡೆಯಬೇಕು. ಅದು ಎಷ್ಟು ದಿನ ಬಾಳುತ್ತದೆ ಎನ್ನುವುದು ಮೇಲಿನ ಪದರ ಎಷ್ಟು ದಪ್ಪ ಎನ್ನುವುದರ ಮೇಲೆ ನಿಂತಿದೆ. ಕೊಳ್ಳುವವರಿಗೆ ಬೇಕಾದ ಮಾಹಿತಿ ಅದೊಂದೇ, ಸಿಗದಿರುವುದೂ ಅದೊಂದೇ.

ಒಂದು ಬಳೆಯನ್ನು ತೆಗೆದುಕೊಂಡು ಲೆಕ್ಕ ಹಾಕೋಣ. ಬಳೆಯೇ ಯಾಕೆಂದರೆ ಅದರ ಆಕಾರ ಸರಳ, ಮೈ ಅಳೆಯುವುದು ಸುಲಭ. ಅಂಗಡಿಯಲ್ಲಿ ಎರಡು-ಆರು ಎಂದು ಕೇಳುವ ಅಳತೆಯ ಬಳೆಯ ಒಳವ್ಯಾಸ 2 ಅಂಗುಲ ಮತ್ತು ಅಂಗುಲದ 16ರಲ್ಲಿ 6 ಭಾಗ, ಅಂದರೆ ಸುಮಾರು 60 ಮಿಲಿಮೀಟರ್. 4 ಮಿಲಿಮೀಟರ್ ದಪ್ಪದ ದುಂಡು ಹಿತ್ತಾಳೆ ತಂತಿಯಿಂದ ಮಾಡಿದ ಗಟ್ಟಿ ಬಳೆ ಎಂದುಕೊಳ್ಳಿ. ಅದರ ಇಡೀ ಮೈ ಸುಮಾರು 25 ಚದರ ಸೆಂಟಿಮೀಟರ್, ತೂಕ ಸುಮಾರು 22 ಗ್ರಾಂ.

ಪದರದ ದಪ್ಪವನ್ನು ಮೈಕ್ರಾನಿನಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ ಒಂದು ಮೈಕ್ರಾನ್. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಚಿನ್ನ ಭಾರವಾದ ಲೋಹ, ಆದ್ದರಿಂದ ಒಂದು ಚದರ ಸೆಂಟಿಮೀಟರಿನ ಮೇಲೆ ಒಂದು ಮೈಕ್ರಾನ್ ದಪ್ಪ ಹಾಸಿದರೂ ಸುಮಾರು 2 ಮಿಲಿಗ್ರಾಂ ಆಗುತ್ತದೆ. ನಮ್ಮ ಬಳೆಯ ಇಡೀ ಮೈಗೆ ಒಂದು ಮೈಕ್ರಾನ್ ಹಾಕಲು ಸುಮಾರು 49 ಮಿಲಿಗ್ರಾಂ ಚಿನ್ನ ಸಾಕು.

ಅಗ್ಗದ ಒಡವೆಗಳ ಮೇಲೆ ಬೀಳುವ ಪದರ ಒಂದು ಮೈಕ್ರಾನಿನ ಹತ್ತನೇ ಒಂದು ಭಾಗದ ಆಸುಪಾಸಿನದು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಆ ಲೆಕ್ಕದಲ್ಲಿ ಬಳೆಯ ಮೇಲಿರುವ ಚಿನ್ನ ಸುಮಾರು 5 ಮಿಲಿಗ್ರಾಂ. ಒಂದು ಗ್ರಾಂ ಚಿನ್ನದಲ್ಲಿ ಇಂಥ 200 ಬಳೆಗಳಿಗೆ ಬಣ್ಣ ಬರಿಸಬಹುದು. ಒಂದು ಬಳೆಯ ಮೇಲೆ ನಿಜವಾಗಿಯೂ ಒಂದು ಗ್ರಾಂ ಕೂರಬೇಕಾದರೆ ಪದರ 20 ಮೈಕ್ರಾನ್ ದಪ್ಪ ಇರಬೇಕು. ಚಿನ್ನದ ಬೆಲೆ ಗ್ರಾಮಿಗೆ ಹತ್ತು ಸಾವಿರ ರೂಪಾಯಿ ದಾಟಿದ ಮೇಲೆ, ಮುನ್ನೂರು ರೂಪಾಯಿಯ ಬಳೆಯ ಮೇಲೆ ಒಂದು ಗ್ರಾಂ ಇರಲು ಸಾಧ್ಯವೇ ಎಂಬ ಪ್ರಶ್ನೆಗೆ ಲೆಕ್ಕದ ಮೇಷ್ಟರು ಬೇಕಿಲ್ಲ. ಹಾಗಿದ್ದೂ ಹೆಸರು ಹಾಗೇ ಉಳಿದಿದೆ. ನಮ್ಮಲ್ಲಿ ಯಾರೂ ಅದನ್ನು ಅಳತೆಯೆಂದು ತಿಳಿದು ಪ್ರಶ್ನೆ ಮಾಡುವುದಿಲ್ಲ, ಆದರೆ ಅದು ಅಳತೆಯಂತೆ ಕೇಳಿಸುತ್ತದೆ ಎಂಬ ಕಾರಣಕ್ಕೇ ಕೊಳ್ಳುತ್ತೇವೆ.

ಇದೇ ಬಳೆಯನ್ನು ಇಟ್ಟುಕೊಂಡು ಮೂರು ಹೆಸರುಗಳನ್ನೂ ಒಂದೊಂದಾಗಿ ನೋಡೋಣ.

ಮೊದಲನೆಯದು ಪ್ಲೇಟೆಡ್. ಹಳೆಯ ಕನ್ನಡದಲ್ಲಿ ಇದಕ್ಕೆ ಮುಲಾಮು ಹಾಕುವುದು ಎನ್ನುತ್ತಿದ್ದರು, ದೆಹಲಿಯ ಹಿಂದಿಯಲ್ಲಿ ಈಗಲೂ ಮುಲಮ್ಮಾ, ಸೋನೇ ಕಾ ಪಾನಿ ಎನ್ನುತ್ತಾರೆ. ಹಿತ್ತಾಳೆಯ ಬಳೆಯನ್ನು ಮೊದಲು ಉಜ್ಜಿ ನುಣುಪು ಮಾಡಿ, ಜಿಡ್ಡು ತೆಗೆಯುತ್ತಾರೆ. ಆಮೇಲೆ ತಾಮ್ರದ ತೆಳು ಪದರ, ಹಲವು ಕಡೆ ಅದರ ಮೇಲೆ ನಿಕಲ್ಲಿನ ಪದರ. ಕೊನೆಗೆ ಚಿನ್ನದ ಲವಣ ಕರಗಿಸಿದ ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸುತ್ತಾರೆ. ಕೆಲವು ಸೆಕೆಂಡು ಮುಳುಗಿಸಿದರೆ ಬಣ್ಣ ಬರುತ್ತದೆ, ನಿಮಿಷಗಟ್ಟಲೆ ಇಟ್ಟರೆ ಪದರ ಬರುತ್ತದೆ. ಹೊರಬಂದಾಗ ಎರಡೂ ಒಂದೇ ರೀತಿ ಹೊಳೆಯುತ್ತವೆ. ಕಣ್ಣಿಗೆ ಹಳದಿ ಕಾಣಲು ಬಹಳ ಚಿನ್ನ ಬೇಕಿಲ್ಲ, ಬಾಳಿಕೆಗೆ ಬೇಕು. ಮೋಸಕ್ಕೆ ಜಾಗ ಸಿಗುವುದು ಇಲ್ಲಿಯೇ.

ತೆಳುವಾದ ಪದರ ಬೇಗ ಸವೆಯುತ್ತದೆ ಎಂಬುದು ಅರ್ಧ ಸತ್ಯ. ಸವೆಯುವ ಮೊದಲೇ ಅದು ಸೋರುತ್ತದೆ. ಇಷ್ಟು ತೆಳುವಾದ ಚಿನ್ನದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಇದ್ದೇ ಇರುತ್ತವೆ. ಬೆವರಿನ ಉಪ್ಪು ಆ ರಂಧ್ರಗಳಲ್ಲಿ ಇಳಿದು ಕೆಳಗಿನ ತಾಮ್ರ, ಹಿತ್ತಾಳೆಯನ್ನು ತಿನ್ನುತ್ತದೆ. ಕೈಮೇಲೆ ಹಸಿರು ಗುರುತು ಬೀಳುತ್ತದೆ. ನಮ್ಮ ಅಜ್ಜಿಯರು ತಾಮ್ರದ ಪಾತ್ರೆಯಲ್ಲಿ ಹುಳಿ ಇಟ್ಟರೆ ಬೈಯುತ್ತಿದ್ದ ಅದೇ ಕಿಲುಬು ಇದು. ಅದರ ಜೊತೆಗೆ ಕೆಳಗಿನ ತಾಮ್ರದ ಕಣಗಳು ತಾವಾಗಿಯೇ ನಿಧಾನವಾಗಿ ಚಿನ್ನದೊಳಗೆ ಹಬ್ಬಿ ಮೇಲಕ್ಕೆ ಬರುತ್ತವೆ. ಹಾಗಾಗಿ ಪೆಟ್ಟಿಗೆಯಲ್ಲಿ ಸುಮ್ಮನಿಟ್ಟ ಒಡವೆಯೂ ವರ್ಷ ಕಳೆಯುವಷ್ಟರಲ್ಲಿ ಮಂಕಾಗಿರುತ್ತದೆ. ನಿಕಲ್ಲಿನ ಪದರ ಹಾಕುವುದು ಇದನ್ನು ತಡೆಯಲು. ಆದರೆ ನಿಕಲ್ ಒಗ್ಗದವರಿಗೆ, ಮೇಲಿನ ಚಿನ್ನ ಹೋದ ದಿನದಿಂದ ಕಿವಿ, ಕುತ್ತಿಗೆ ತುರಿಸಲು ಶುರುವಾಗುತ್ತದೆ.

ದಿನಬಳಕೆಯಲ್ಲಿ ಇಂಥ ಬಳೆ ಕೆಲವು ವಾರದಿಂದ ಕೆಲವು ತಿಂಗಳು ಬಾಳುತ್ತದೆ. ಅದೇ ಪದರದ ಓಲೆ ಇನ್ನೂ ಹೆಚ್ಚು ಕಾಲ ಬಂದೀತು, ಯಾಕೆಂದರೆ ಓಲೆಯನ್ನು ಯಾವುದೂ ಉಜ್ಜುವುದಿಲ್ಲ. ಉಂಗುರ ಎಲ್ಲಕ್ಕಿಂತ ಬೇಗ ಹೋಗುತ್ತದೆ. ‘ಆರು ತಿಂಗಳು ಗ್ಯಾರಂಟಿ’ ಎಂದು ಕೊಡುವ ಚೀಟಿಯ ಹಿಂಬದಿಯನ್ನು ಒಮ್ಮೆ ಓದಿ. ನೀರು, ಸೆಂಟು, ಬೆವರು ತಾಗಿದರೆ ಗ್ಯಾರಂಟಿ ಇಲ್ಲ ಎಂದು ಬರೆದಿರುವ ಚೀಟಿಗಳನ್ನು ನಾನು ಕಂಡಿದ್ದೇನೆ. ಜೂನ್ ತಿಂಗಳ ದೆಹಲಿಯಲ್ಲಿ ಬೆವರು ತಾಗದಂತೆ ಒಡವೆ ಹಾಕಿಕೊಳ್ಳುವ ಉಪಾಯವನ್ನೂ ಅದೇ ಚೀಟಿಯಲ್ಲಿ ಬರೆದಿದ್ದರೆ ಚೆನ್ನಾಗಿತ್ತು.

ಎರಡನೆಯದು ವರ್ಮೆಯ್. ಫ್ರೆಂಚ್ ಮಾತು. ಹೆಸರು ನಾಜೂಕಾಗಿದ್ದರೂ ವಸ್ತು ಹಳೆಯದು: ಬೆಳ್ಳಿಯ ಮೇಲೆ ಚಿನ್ನದ ಲೇಪ. ಅಮೆರಿಕದ ವ್ಯಾಪಾರ ನಿಯಂತ್ರಣ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಒಡವೆಗಳ ಹೆಸರಿಗೆ ಮಾರ್ಗಸೂಚಿ ಕೊಟ್ಟಿದೆ. ಅದರ ಪ್ರಕಾರ ಈ ಹೆಸರು ಬಳಸಲು ಕೆಳಗಿರುವುದು 925 ಶುದ್ಧತೆಯ ಬೆಳ್ಳಿಯೇ ಆಗಿರಬೇಕು, ಮೇಲಿನ ಪದರ ಶುದ್ಧ ಚಿನ್ನದ ಲೆಕ್ಕದಲ್ಲಿ ಎಲ್ಲಾ ಕಡೆ ಕನಿಷ್ಠ 2.5 ಮೈಕ್ರಾನ್ ಇರಬೇಕು. ನಮ್ಮ ಬಳೆಗೆ ಇದನ್ನು ಹೊಂದಿಸಿದರೆ ಸುಮಾರು 26 ಗ್ರಾಂ ಬೆಳ್ಳಿ, ಅದರ ಮೇಲೆ 120 ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು ಚಿನ್ನ. ಗ್ರಾಮಿಗೆ ಹತ್ತು ಸಾವಿರದ ಲೆಕ್ಕದಲ್ಲಿ ಚಿನ್ನವೇ ಸಾವಿರದ ಇನ್ನೂರು ರೂಪಾಯಿ ದಾಟುತ್ತದೆ, ಬೆಳ್ಳಿ ಬೇರೆ, ಕೂಲಿ ಬೇರೆ. ಇಷ್ಟೇ ತೂಕದ ‘ವರ್ಮೆಯ್’ ಬಳೆ ಒಂಬೈನೂರು ರೂಪಾಯಿಗೆ ಸಿಗುತ್ತಿದೆ ಎಂದರೆ ಅದು ರಿಯಾಯಿತಿಯಲ್ಲ, ಹೆಸರಿನ ಕಳ್ಳತನ.

ಅಗ್ಗದ ಲೇಪಕ್ಕಿಂತ 25 ಪಟ್ಟು ದಪ್ಪ ಇರುವುದರಿಂದ ನಿಜವಾದ ವರ್ಮೆಯ್ ಜೋಪಾನ ಮಾಡಿದರೆ ವರ್ಷಗಟ್ಟಲೆ ಬರುತ್ತದೆ. ಸವೆದರೂ ಕೆಳಗೆ ಸಿಗುವುದು ಬೆಳ್ಳಿ, ಅದಕ್ಕೆ ಮರುಮಾರಾಟದ ಬೆಲೆ ಇದೆ, ಇನ್ನೊಮ್ಮೆ ಮುಲಾಮು ಹಾಕಿಸಬಹುದು. ಆದರೆ ಬೆಳ್ಳಿಗೆ ತನ್ನದೇ ರೋಗವಿದೆ. ಗಾಳಿಯಲ್ಲಿನ ಗಂಧಕದ ಅನಿಲ ಅದನ್ನು ಕಪ್ಪಾಗಿಸುತ್ತದೆ. ಯಮುನೆಯ ಬದಿಯ, ದೊಡ್ಡ ಚರಂಡಿಗಳ ಪಕ್ಕದ ಬಡಾವಣೆಗಳಲ್ಲಿ, ನೋಯ್ಡಾ ಕಡೆಯಲ್ಲೂ, ಏಸಿಯ ತಾಮ್ರದ ಕೊಳವೆ ಬೇಗ ತೂತಾಗುತ್ತದೆ ಎಂದು ನಿವಾಸಿಗಳು ದೂರುವುದನ್ನು ದೆಹಲಿಯವರು ಕೇಳಿರುತ್ತಾರೆ. ಕೊಳೆತ ಮೊಟ್ಟೆಯ ವಾಸನೆಯ ಆ ಅನಿಲ ಬೆಳ್ಳಿಗೂ ಶತ್ರುವೇ. ಪದರ ಅಳತೆಗಿಂತ ತೆಳುವಾಗಿದ್ದರೆ ಮೊದಲು ಅಂಚುಗಳಲ್ಲಿ, ಕೊಂಡಿಗಳಲ್ಲಿ ಕಪ್ಪು ಕಾಣಿಸಿಕೊಳ್ಳುತ್ತದೆ. ಕೆಂಪು, ಹಸಿರು ಕಂಡರೆ ಕೆಳಗಿರುವುದು ಬೆಳ್ಳಿಯೇ ಅಲ್ಲ ಎಂದು ಬಹುಮಟ್ಟಿಗೆ ತೀರ್ಮಾನಿಸಬಹುದು.

ಮೂರನೆಯದು ಗೋಲ್ಡ್ ಫಿಲ್ಡ್. ಹೆಸರು ಕೇಳಿದರೆ ಒಳಗೆ ಚಿನ್ನ ತುಂಬಿದೆ ಎನ್ನಿಸುತ್ತದೆ, ಇರುವುದು ತದ್ವಿರುದ್ಧ. ಒಳಗೆ ಹಿತ್ತಾಳೆ, ಹೊರಗೆ ಚಿನ್ನದ ಮಿಶ್ರಲೋಹದ ನಿಜವಾದ ತಗಡು. ಇಲ್ಲಿ ದ್ರಾವಣವಿಲ್ಲ, ವಿದ್ಯುತ್ತಿಲ್ಲ. ದಪ್ಪ ಹಿತ್ತಾಳೆಯ ಮೇಲೆ ಚಿನ್ನದ ಹಾಳೆ ಇಟ್ಟು, ಕಾಯಿಸಿ, ಒತ್ತಿ ಎರಡನ್ನೂ ಬೆಸೆಯುತ್ತಾರೆ. ಆಮೇಲೆ ಉರುಳೆಗಳ ನಡುವೆ ಲಟ್ಟಿಸಿ ತಗಡು ಮಾಡುತ್ತಾರೆ, ಅಥವಾ ಎಳೆದು ತಂತಿ ಮಾಡುತ್ತಾರೆ. ಎಷ್ಟು ತೆಳುವಾಗಿ ಎಳೆದರೂ ಎರಡರ ಪ್ರಮಾಣ ಬದಲಾಗುವುದಿಲ್ಲ. ಅದೇ ಅಮೆರಿಕನ್ ಮಾರ್ಗಸೂಚಿಯಂತೆ ಒಟ್ಟು ತೂಕದ ಇಪ್ಪತ್ತರಲ್ಲಿ ಒಂದು ಭಾಗವಾದರೂ ಚಿನ್ನದ ಮಿಶ್ರಲೋಹ ಇರಬೇಕು. `1/20 14K GF` ಎಂಬ ಮುದ್ರೆಯ ಅರ್ಥ ಇದೇ: ತೂಕದ 20ನೇ ಒಂದು ಭಾಗ 14 ಕ್ಯಾರೆಟ್ ಚಿನ್ನ.

ನಮ್ಮ 22 ಗ್ರಾಂ ಬಳೆಗೆ ಲೆಕ್ಕ ಹಾಕಿದರೆ 14 ಕ್ಯಾರೆಟ್ ಪದರವೇ ಸುಮಾರು 1.1 ಗ್ರಾಂ. ದಪ್ಪ 30 ಮೈಕ್ರಾನಿಗೂ ಹೆಚ್ಚು. ಅದರೊಳಗಿನ ಶುದ್ಧ ಚಿನ್ನ 0.6 ಗ್ರಾಂ ಮೀರುತ್ತದೆ. ಅಗ್ಗದ ಬಳೆಯ ಐದು ಮಿಲಿಗ್ರಾಂ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ನೂರು ಪಟ್ಟಿಗೂ ಹೆಚ್ಚು. ಲಟ್ಟಿಸಿ ಗಟ್ಟಿಯಾದ ತಗಡಿನಲ್ಲಿ ಲೇಪದಲ್ಲಿರುವಂಥ ರಂಧ್ರಗಳಿಲ್ಲ. ಹಾಗಾಗಿ ದಿನವೂ ಹಾಕಿದರೂ ಹತ್ತಾರು ವರ್ಷ ಬರುವುದು ಸಾಮಾನ್ಯ. ಇದರ ಮಿತಿ ಬೇರೆ ಕಡೆ ಇದೆ. ತಗಡು, ತಂತಿ, ಕೊಳವೆ, ಗುಂಡುಗಳಿಂದ ಆಗುವ ಒಡವೆಯನ್ನಷ್ಟೇ ಹೀಗೆ ಮಾಡಬಹುದು. ಅಚ್ಚಿನಲ್ಲಿ ಎರಕ ಹೊಯ್ದ ಲಕ್ಷ್ಮಿ ಪದಕ, ಕೆತ್ತನೆ ತುಂಬಿದ ಟೆಂಪಲ್ ಸೆಟ್ಟು ಗೋಲ್ಡ್ ಫಿಲ್ಡ್ ಆಗಿರಲು ಸಾಧ್ಯವಿಲ್ಲ ಎನ್ನಬಹುದು, ಎರಕ ಹೊಯ್ದರೆ ಎರಡು ಲೋಹವೂ ಕರಗಿ ಒಂದಾಗುತ್ತವೆ. ಜಾಹೀರಾತಿನಲ್ಲಿ ‘24 ಕ್ಯಾರೆಟ್ ಗೋಲ್ಡ್ ಫಿಲ್ಡ್ ಟೆಂಪಲ್ ಹಾರ’ ಎಂದು ಕಂಡರೆ ಎರಡು ಕಾರಣಕ್ಕೆ ಅನುಮಾನಿಸಿ. ಆ ಆಕಾರ ಹೊಂದುವುದಿಲ್ಲ, ಈ ಕೆಲಸಕ್ಕೆ ವಾಡಿಕೆಯಲ್ಲಿ ಬಳಸುವುದು 12, 14 ಕ್ಯಾರೆಟ್ಟಿನ ಗಟ್ಟಿ ಮಿಶ್ರಲೋಹವೇ ಹೊರತು ಮೆತ್ತನೆಯ 24 ಕ್ಯಾರೆಟ್ ಅಲ್ಲ.

ಇಲ್ಲಿ ನಮ್ಮ ಭಾಷೆಯ ಒಂದು ತಮಾಷೆಯನ್ನು ಹೇಳಲೇಬೇಕು. ನಕಲಿ ಒಡವೆಗೆ ಕನ್ನಡದಲ್ಲಿ ತಲೆಮಾರುಗಳಿಂದ ‘ರೋಲ್ಡ್ ಗೋಲ್ಡ್’ ಎನ್ನುತ್ತೇವೆ. ರೋಲ್ಡ್ ಎಂದರೆ ಲಟ್ಟಿಸಿದ್ದು. ಗೋಲ್ಡ್ ಫಿಲ್ಡ್ ಆಗುವುದೂ ಇದೇ ರೀತಿ ಲಟ್ಟಿಸಿಯೇ. ಅಂದರೆ ನಾವು ಬೈಗುಳದಂತೆ ಬಳಸುವ ಮಾತು ಮೂಲದಲ್ಲಿ ಒಳ್ಳೆಯ ಮಾಲಿನ ಹೆಸರು, ನಾವು ಗೌರವದಿಂದ ಆಡುವ ‘ಒಂದು ಗ್ರಾಂ ಚಿನ್ನ’ ತೀರಾ ತೆಳುವಾದ ಮಾಲಿನ ಹೆಸರು. ಮಾರುಕಟ್ಟೆ ಹೆಸರುಗಳನ್ನು ಅದಲು ಬದಲು ಮಾಡಿದೆ, ಅಳತೆ ಜೊತೆಯಲ್ಲಿ ಇರದಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಅಳತೆ ಹೇಳುವುದು ಅಸಾಧ್ಯವೇ? ಹಳೆಯ ಸ್ವಿಸ್ ಕೈಗಡಿಯಾರ ಮನೆಯಲ್ಲಿದ್ದರೆ ಹಿಂಬದಿ ನೋಡಿ. ಚಿನ್ನದ ಲೇಪವಿರುವ ಎಷ್ಟೋ ಗಡಿಯಾರಗಳ ಮೇಲೆ `10 MICRONS`, `20 MICRONS` ಎಂದು ಕೊರೆದಿರುತ್ತದೆ. ಅಜ್ಜನ ಗಡಿಯಾರಕ್ಕೆ ಸಿಕ್ಕ ಮರ್ಯಾದೆ ಮೊಮ್ಮಗಳ ಕರಿಮಣಿಗೆ ಸಿಕ್ಕಿಲ್ಲ.

ಸದರ್ ಬಜಾರಿನ ರೂಯಿ ಮಂಡಿಯಲ್ಲಿ ಒಬ್ಬ ಸಗಟು ವ್ಯಾಪಾರಿಯನ್ನು ಇದನ್ನೇ ಕೇಳಿದೆ. ‘ಇದು ಮೈಕ್ರೋ ಪಾಲಿಶ್, ಮೇಡಂ ಜೀ, ಸಾಧಾರಣ ಮಾಲಲ್ಲ’ ಎಂದರು. ಎಷ್ಟು ಮೈಕ್ರಾನ್ ಎಂದೆ. ನಕ್ಕರು. ‘ಅದನ್ನು ಕೇಳಿ ಕೊಳ್ಳುವವರು ಇಲ್ಲಿಗೆ ಬರುವುದಿಲ್ಲ.’ ಮುಲಾಮು ಹಾಕುವವರಿಗೆ ನೀವು ಕೂಲಿ ಕೊಡುವುದು ಹೇಗೆ ಎಂದು ಕೇಳಿದಾಗ ಮಾತ್ರ ನೇರವಾಗಿ ಹೇಳಿದರು: ಎಷ್ಟು ಚಿನ್ನ ಏರಿಸಬೇಕೋ ಅದರ ಮೇಲೆ ರೇಟು. ಆ ಮನುಷ್ಯ ಸುಳ್ಳು ಹೇಳಲಿಲ್ಲ. ನನಗೆ ಬೇಕಿದ್ದ ಉತ್ತರ ಅದರಲ್ಲೇ ಇತ್ತು. ಚಿನ್ನ ದುಬಾರಿ, ಹಾಗಾಗಿ ಮುಲಾಮಿನವರು ಮಿಲಿಗ್ರಾಮಿನ ಲೆಕ್ಕ ಇಡದೆ ಬದುಕುವುದಿಲ್ಲ. ಅವರಿಗೆ ಗೊತ್ತು, ಮಾಲು ಮಾಡಿಸಿದವರಿಗೆ ಗೊತ್ತು, ಸಗಟಿನವರಿಗೆ ಅಂದಾಜು ಗೊತ್ತು. ಆ ಅಂಕಿ ಕಾಣೆಯಾಗುವುದು ಅಂಗಡಿಯ ಗಾಜಿನ ಮೇಜನ್ನು ದಾಟಿ ನಿಮ್ಮ ಕೈಗೆ ಬರುವಾಗ ಮಾತ್ರ.

ಸಣ್ಣ ವ್ಯಾಪಾರಿಗಳು ಅಳೆಯುವುದು ಹೇಗೆ, ಅವರ ಹೊಟ್ಟೆಯ ಮೇಲೆ ಹೊಡೆಯಬೇಡಿ ಎಂಬ ವಾದವನ್ನು ನಾನು ಹಗುರವಾಗಿ ತಳ್ಳುವುದಿಲ್ಲ. ಆದರೆ ಅಳೆಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ನೂರು ಬಳೆಗಳನ್ನು ಚಿನ್ನದ ದ್ರಾವಣಕ್ಕೆ ಇಳಿಸುವ ಮುಂಚೆ ಮತ್ತು ತೆಗೆದು ಒಣಗಿಸಿದ ಮೇಲೆ ಒಳ್ಳೆಯ ತಕ್ಕಡಿಯಲ್ಲಿ ತೂಗಿದರೆ ಏರಿದ ಚಿನ್ನ ಎಷ್ಟೆಂದು ತಿಳಿಯುತ್ತದೆ. ಬಳೆಯ ಮೈಯಿಂದ ಭಾಗಿಸಿದರೆ ಸರಾಸರಿ ದಪ್ಪ ಸಿಗುತ್ತದೆ. ಇನ್ನೂ ಖಚಿತವಾಗಿ ಬೇಕಾದರೆ ಎಕ್ಸ್-ರೇ ಹಾಯಿಸಿ ಪದರ ಅಳೆಯುವ ಯಂತ್ರಗಳಿವೆ. ಹಾಲ್‌ಮಾರ್ಕ್ ಕೇಂದ್ರಗಳಲ್ಲಿ ಶುದ್ಧತೆ ನೋಡುವುದು ಇದೇ ಜಾತಿಯ ಯಂತ್ರದಲ್ಲಿ.

ಹಾಲ್‌ಮಾರ್ಕ್ ಎಂದಾಗ ಇನ್ನೊಂದು ಗೊಂದಲ ಬಿಡಿಸಬೇಕು. ಚಿನ್ನದ ಒಡವೆಗೆ ಹಾಲ್‌ಮಾರ್ಕ್ 2021ರ ಜೂನ್ 16ರಿಂದ 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಪ್ರತಿ ಒಡವೆಗೂ ಆರು ಅಕ್ಷರ-ಅಂಕಿಗಳ ಗುರುತು ಇರಲೇಬೇಕು. ಒಳ್ಳೆಯ ಕೆಲಸ. ಆದರೆ ಅದು ಇಡೀ ಮೈ ಚಿನ್ನವಾಗಿರುವ ಒಡವೆಗೆ, ಲೇಪದ ಒಡವೆಯ ಬಳಿಗೆ ಅದು ಬರುವುದೇ ಇಲ್ಲ. ಈ ಖಾಲಿ ಜಾಗದಲ್ಲಿಯೇ ‘18 ಕ್ಯಾರೆಟ್ ಗೋಲ್ಡ್ ಪ್ಲೇಟೆಡ್’ ಎಂಬ ಜಾಣ ಮಾತು ಬೆಳೆದಿದೆ. ಕ್ಯಾರೆಟ್ ಹೇಳುವುದು ಮೇಲಿನ ಪದರದ ಚಿನ್ನ ಎಷ್ಟು ಶುದ್ಧ ಎಂದು, ಎಷ್ಟು ಇದೆ ಎಂದಲ್ಲ. ನೀರಿಗೆ ಎರಡು ಹನಿ ಹಾಲು ಹಾಕಿ ‘ಅಪ್ಪಟ ಎಮ್ಮೆ ಹಾಲು ಸೇರಿಸಿದ್ದು’ ಎಂದರೆ ಸುಳ್ಳಾಗುವುದಿಲ್ಲ, ಹಾಗೆಂದು ಅದು ಹಾಲೂ ಆಗುವುದಿಲ್ಲ. 925 ಎಂಬ ಮುದ್ರೆಯೂ ಅಷ್ಟೇ. ಅದು ಕೆಳಗಿನ ಬೆಳ್ಳಿಯ ಮಾತು, ಮೇಲಿನ ಚಿನ್ನದ ಮಾತಲ್ಲ.

ನಮ್ಮ ಸರ್ಕಾರಕ್ಕೆ ಇಷ್ಟು ತೆಳುವಾದ ವಸ್ತುವನ್ನು ಅಳೆಯುವುದು ಬರುವುದಿಲ್ಲ ಎಂದುಕೊಳ್ಳಬೇಡಿ. ಚಾಂದನಿ ಚೌಕದಲ್ಲಿ ಗೋಡಂಬಿ ಬರ್ಫಿಯ ಮೇಲೆ ಅಂಟಿಸುವ ಬೆಳ್ಳಿಯ ಹಾಳೆಗೆ, ಅಂದರೆ ವರ್ಕ್‌ಗೆ, ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಬೆಳ್ಳಿ ಸಾವಿರಕ್ಕೆ 999 ಭಾಗ ಶುದ್ಧವಿರಬೇಕು, ಹಾಳೆಯ ತೂಕ ಚದರ ಮೀಟರಿಗೆ 2.8 ಗ್ರಾಂ ಮೀರಬಾರದು. ಆ ತೂಕವನ್ನು ದಪ್ಪಕ್ಕೆ ತಿರುಗಿಸಿದರೆ ಸುಮಾರು 0.27 ಮೈಕ್ರಾನ್ ಬರುತ್ತದೆ. ಅಂದರೆ ಬಾಯಿಗೆ ಹಾಕಿದರೆ ಕರಗಿದಂತೆ ಮಾಯವಾಗುವ ಆ ಹಾಳೆ, ವರ್ಷಗಟ್ಟಲೆ ಬರುತ್ತದೆಂದು ನಂಬಿ ಕೊಂಡ ಬಳೆಯ ಮೇಲಿನ ಚಿನ್ನಕ್ಕಿಂತ ದಪ್ಪವಿರಬಹುದು. ಅದರ ಶುದ್ಧತೆಗೂ ತೂಕಕ್ಕೂ ಕಾನೂನಿದೆ. ಬಳೆಯ ಮೇಲಿನ ಚಿನ್ನಕ್ಕೆ ಅಂಥ ಕಡ್ಡಾಯದ ಅಳತೆ ಇಲ್ಲ.

ಆ ಕಾನೂನು ಬರಬೇಕಾದ ಕಚೇರಿಗಳೂ ಈ ಊರಿನಲ್ಲಿಯೇ ಇವೆ. ಭಾರತೀಯ ಮಾನಕ ಬ್ಯೂರೋದ ಮಾನಕ್ ಭವನ ಬಹದ್ದೂರ್ ಶಾ ಜಫರ್ ಮಾರ್ಗದಲ್ಲಿದೆ, ಸದರ್ ಬಜಾರಿನಿಂದ ಕೆಲವೇ ಕಿಲೋಮೀಟರ್. ತಪ್ಪು ದಾರಿಗೆಳೆಯುವ ಜಾಹೀರಾತಿನ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿಂದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಬಂದಿದೆ. ಅಮೆರಿಕದ ಮಾರ್ಗಸೂಚಿಯಲ್ಲಿ ವಿದ್ಯುತ್ ಲೇಪದ ಚಿನ್ನಕ್ಕೆ ‘ಗೋಲ್ಡ್ ಎಲೆಕ್ಟ್ರೋಪ್ಲೇಟ್’ ಎಂಬ ಹೆಸರು ಸಿಗಲು 0.175 ಮೈಕ್ರಾನ್ ಆದರೂ ಬೇಕು, ಅದಕ್ಕಿಂತ ತೆಳುವಾಗಿದ್ದರೆ ‘ಗೋಲ್ಡ್ ವಾಶ್’ ಅಥವಾ ‘ಫ್ಲಾಶ್’ ಎಂದು ಹೇಳಬೇಕು. ಅಂದರೆ ನಮ್ಮ ಉದಾಹರಣೆಯ ಬಳೆಗೆ ಅಲ್ಲಿ ಆ ಹೆಸರು ಕೂಡ ದಕ್ಕುವುದಿಲ್ಲ. ಅದೇ ಅಂಕಿಯನ್ನು ನಾವು ನಕಲು ಮಾಡಬೇಕೆಂದು ನಾನು ಹೇಳುತ್ತಿಲ್ಲ. ಅಂಕಿ ಯಾವುದಾದರೂ ಇರಲಿ, ಹೆಸರಿನ ಜೊತೆಗೆ ಇರಲಿ. ತೆಳುವಾದ ಮಾಲನ್ನು ನಿಷೇಧಿಸುವುದೂ ಬೇಡ. 0.1 ಮೈಕ್ರಾನ್ ಎಂದು ಬರೆದು ಮುನ್ನೂರು ರೂಪಾಯಿಗೆ ಮಾರಲಿ, ಕೊಳ್ಳುವವರು ಕೊಳ್ಳುತ್ತಾರೆ. 2.5 ಮೈಕ್ರಾನ್ ನಿಜವಾಗಿ ಹಾಕುವ ವ್ಯಾಪಾರಿಗೂ ಆಗ ನ್ಯಾಯ ಸಿಗುತ್ತದೆ. ಈಗ ಆತ ತನ್ನ ಹೆಚ್ಚಿನ ಬೆಲೆಗೆ ಕಾರಣ ಹೇಳಲಾಗದೆ, ಪಕ್ಕದ ಅಂಗಡಿಯ ಅದೇ ಹಳದಿಯ ಎದುರು ಸೋಲುತ್ತಾನೆ.

ಕಾನೂನು ಬರುವವರೆಗೆ ಒರೆಗಲ್ಲು ನಮ್ಮ ಕೈಯಲ್ಲೇ ಇದೆ. ಅಕ್ಕಸಾಲಿಗರ ಒರೆಗಲ್ಲಿಗೂ ಇಲ್ಲಿ ಒಂದು ಮಿತಿಯಿದೆ ಎಂಬುದು ನೆನಪಿರಲಿ. ಹಗುರವಾಗಿ ಉಜ್ಜಿದರೆ ಕಲ್ಲಿನ ಮೇಲೆ ಬೀಳುವುದು ಮೇಲಿನ ಪದರದ ಗೆರೆ ಮಾತ್ರ. ಗೋಲ್ಡ್ ಫಿಲ್ಡ್ ಒಡವೆ ಅದರಲ್ಲಿ ಅಪ್ಪಟ 14 ಕ್ಯಾರೆಟ್ಟಿನಂತೆಯೇ ಕಾಣುತ್ತದೆ. ಮೈಮೇಲಷ್ಟೇ ನೋಡುವ ಎಕ್ಸ್-ರೇ ಯಂತ್ರವನ್ನೂ ಅಷ್ಟು ದಪ್ಪದ ಪದರ ಏಮಾರಿಸಬಲ್ಲದು. ಕಾಣದ ಜಾಗದಲ್ಲಿ ಅರದಿಂದ ಒಂದು ಗೀರು ಹಾಕಿದರೆ ಮಾತ್ರ ಒಳಗಿನ ಹಿತ್ತಾಳೆ ಕಾಣುತ್ತದೆ. ಹೊಸ ಒಡವೆಯನ್ನು ಹಾಗೆ ಗೀರಲು ಅಂಗಡಿಯವರು ಬಿಡುವುದಿಲ್ಲ. ಆದ್ದರಿಂದ ಕೇಳಿ ತಿಳಿಯುವುದೇ ದಾರಿ.

ಮೂರು ಪ್ರಶ್ನೆ ಸಾಕು. ಕೆಳಗಿರುವ ಲೋಹ ಯಾವುದು? ಮೇಲಿನ ಪದರ ಎಷ್ಟು ಮೈಕ್ರಾನ್, ಗೋಲ್ಡ್ ಫಿಲ್ಡ್ ಆದರೆ ತೂಕದ ಎಷ್ಟನೇ ಭಾಗ? ಆ ಪದರ ಎಷ್ಟು ಕ್ಯಾರೆಟ್? ಉತ್ತರ ಬಾಯಲ್ಲಿ ಬಂದರೆ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಆನ್‌ಲೈನ್ ಆದರೆ ಆ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ. ‘ವರ್ಮೆಯ್’ ಎಂದು ಬರೆದ ಒಡವೆಯ ಅಂಚಿನಲ್ಲಿ ನಾಲ್ಕು ತಿಂಗಳಿಗೆ ಕೆಂಪು ತಾಮ್ರ ಕಂಡರೆ, ಆ ಬಿಲ್ಲು ಕೈಯಲ್ಲಿದ್ದಾಗ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ‘ಬಣ್ಣ ಹೋಯಿತು’ ಎಂಬ ದೂರಿಗೆ ಅಂಗಡಿಯವರು ಬೆವರನ್ನು ಹೊಣೆ ಮಾಡುತ್ತಾರೆ. ‘ಬಿಲ್ಲಿನಲ್ಲಿ ಬೆಳ್ಳಿ ಎಂದಿದೆ, ಒಳಗೆ ತಾಮ್ರವಿದೆ’ ಎಂಬ ದೂರಿಗೆ ಬೆವರು ಉತ್ತರವಾಗುವುದಿಲ್ಲ.

ಉತ್ತರ ಬರದಿದ್ದರೆ ಅದೂ ಒಂದು ಉತ್ತರವೇ. ಅಂಥ ಒಡವೆಯನ್ನು ಎಲ್ಲಕ್ಕಿಂತ ತೆಳುವಾದ ಪದರದ್ದೆಂದೇ ಲೆಕ್ಕ ಹಿಡಿದು, ಐದು ಮಿಲಿಗ್ರಾಮಿನ ಬೆಲೆ ಕಟ್ಟಿ, ಅಷ್ಟಕ್ಕೇ ಕೊಳ್ಳಿ. ಇಷ್ಟವಾದರೆ ಹಾಕಿಕೊಳ್ಳಿ, ಚೆಂದ ಕಾಣುತ್ತದೆ. ಅದನ್ನು ‘ಒಂದು ಗ್ರಾಂ ಚಿನ್ನ’ ಎಂದು ಮಾತ್ರ ಕರೆಯಬೇಡಿ. ಗಿಲೀಟು ಎಂಬ ಒಳ್ಳೆಯ ಮಾತು ನಮ್ಮಲ್ಲಿ ಇನ್ನೂ ಬದುಕಿದೆ.